ಕುಟುಂಬದ ಚಿತ್ರದ ಕೆಳಗೊಂದು ಆಕ್ಷೇಪ: ಉತ್ತರದ ವ್ಯಾಕರಣ

ಮನೆಯ ಒಕ್ಕಲಿನ ದಿನ ತೆಗೆದ ಕುಟುಂಬದ ಚಿತ್ರವೊಂದನ್ನು ಅಣ್ಣ ಎಲ್ಲರಿಗೂ ಕಾಣುವಂತೆ ಫೇಸ್‌ಬುಕ್ಕಿನಲ್ಲಿ ಹಾಕುತ್ತಾನೆ. ಅದರ ಕೆಳಗೆ ಶುಭಾಶಯಗಳ ನಡುವೆ ಹಿರಿಯ ಸಂಬಂಧಿಯೊಬ್ಬರ ಆಕ್ಷೇಪ ಬಂದು ಕುಳಿತುಕೊಳ್ಳುತ್ತದೆ. ಆಕ್ಷೇಪಕ್ಕೆ ಗುರಿಯಾದವರು ಉತ್ತರ ಬರೆಯಲೇಬೇಕೆಂದಿಲ್ಲ. ಬರೆಯುವುದಾದರೆ ಹೇಗೆ ಬರೆಯಬೇಕು ಎಂಬುದು ಬರಿಯ ಸಭ್ಯತೆಯ ಪ್ರಶ್ನೆಯಲ್ಲ, ಭಾಷೆಯ ಪ್ರಶ್ನೆಯೂ ಹೌದು. ಕನ್ನಡದಲ್ಲಿ ಗೌರವವು ಸರ್ವನಾಮದಲ್ಲಿಯೂ ಕ್ರಿಯಾಪದದ ಪ್ರತ್ಯಯದಲ್ಲಿಯೂ ನೆಲೆಸಿರುತ್ತದೆ, ಭಿನ್ನಾಭಿಪ್ರಾಯವಾದರೋ ವಾಕ್ಯದ ಅರ್ಥದಲ್ಲಿ ನೆಲೆಸಿರುತ್ತದೆ. ಇವೆರಡೂ ಬೇರೆ ಬೇರೆ ಸ್ಥಾನಗಳಾದುದರಿಂದ ಒಂದನ್ನು ಕೆಡಿಸದೆ ಇನ್ನೊಂದನ್ನು ಉಳಿಸಿಕೊಳ್ಳುವುದು ಸಾಧ್ಯ. ಕೋಪದಲ್ಲಿ ಬರೆದ ಉತ್ತರಗಳು ಸೋಲುವುದು ಬಹುಮಟ್ಟಿಗೆ ಈ ಎರಡು ಸ್ಥಾನಗಳನ್ನು ಬೆರೆಸಿಬಿಡುವುದರಿಂದ.

ವಿವೇಚನೆಗಾಗಿ ಒಂದು ಮಾದರಿಯನ್ನು ಕಟ್ಟಿಕೊಳ್ಳೋಣ. ಬರೆದವರು ಸೋದರಮಾವ, ಗುರಿಯಾದವಳು ವಿದ್ಯಾನಗರದಲ್ಲಿ ಕನ್ನಡ ಎಂ.ಎ. ಓದುತ್ತಿರುವ ಸೊಸೆ, ಅಂದರೆ ತಂಗಿಯ ಮಗಳು.

"ಫೋಟೋ ಚೆನ್ನಾಗಿ ಬಂದಿದೆ. ಎಲ್ಲರೂ ಒಂದೊಂದು ದಡ ಸೇರಿದರು. ನಮ್ಮ ಸಣ್ಣವಳಿಗೆ ಮಾತ್ರ ಬುದ್ಧಿ ಬರಲಿಲ್ಲ. ಇಪ್ಪತ್ತಾರಾದರೂ ಇನ್ನೂ ಕನ್ನಡ ಎಂ.ಎ. ಎಂದು ಬಸ್ಸು ಹತ್ತುತ್ತಿದ್ದಾಳೆ. ಹೆತ್ತವರಾದರೂ ಹೇಳಬಾರದೇ?"

ಆಕ್ಷೇಪವನ್ನು ಬಿಡಿಸಿ ಓದುವುದು

ಉತ್ತರ ಬರೆಯುವ ಮೊದಲು ಈ ಮಾತನ್ನು ಪದ್ಯವೊಂದನ್ನು ಅನ್ವಯಿಸುವಂತೆ ಬಿಡಿಸಿಕೊಳ್ಳಬೇಕು. ಮೊದಲು ಕಾಣುವ ಸಂಗತಿ ಪುರುಷಕ್ಕೆ ಸಂಬಂಧಿಸಿದ್ದು. ಮಾವ ಸೊಸೆಯೊಡನೆ ಮಾತನಾಡುತ್ತಿಲ್ಲ. ಅವಳು ಇಲ್ಲಿ ಮಧ್ಯಮ ಪುರುಷವಲ್ಲ, ಪ್ರಥಮ ಪುರುಷ: "ಹತ್ತುತ್ತಿದ್ದಾಳೆ". ಅವಳ ಎದುರಿನಲ್ಲಿಯೇ ಅವಳ ವಿಷಯವನ್ನು ಮೂರನೆಯವರಿಗೆ ಹೇಳಲಾಗುತ್ತಿದೆ. ಆಕೆಗೆ ನೋವಾಗುವುದು ಹೇಳಿದ ಸಂಗತಿಗಿಂತ ಹೆಚ್ಚಾಗಿ ಈ ರೂಪದಿಂದ.

ಎರಡನೆಯದಾಗಿ, ಟೀಕೆ ನಾಮಪದಗಳಲ್ಲಿಯೂ ಕ್ರಿಯಾಪದಗಳಲ್ಲಿಯೂ ಇಲ್ಲ. ಅದು ಸಣ್ಣ ಪದಗಳಲ್ಲಿ ಅಡಗಿದೆ. "ಮಾತ್ರ", "ಇನ್ನೂ", "ಆದರೂ" ಎಂಬ ಮೂರನ್ನು ತೆಗೆದುಬಿಟ್ಟರೆ ಉಳಿಯುವುದು ಇಪ್ಪತ್ತಾರು ವರ್ಷದ ಹುಡುಗಿಯೊಬ್ಬಳು ಕನ್ನಡ ಎಂ.ಎ. ಓದುತ್ತಿದ್ದಾಳೆ ಎಂಬ ಸತ್ಯಸಂಗತಿ ಮತ್ತು ಬುದ್ಧಿ ಬರಲಿಲ್ಲ ಎಂಬ ಅಭಿಪ್ರಾಯ. ಸಂಗತಿಯನ್ನು ನಿರಾಕರಿಸುವ ಅಗತ್ಯವಿಲ್ಲ. ಅಭಿಪ್ರಾಯವನ್ನು ವಾದದಿಂದ ಬದಲಿಸಲಾಗುವುದಿಲ್ಲ, ಅದೂ ನೂರು ಜನರ ಎದುರಿಗೆ.

ಮೂರನೆಯದು ಕೊನೆಯ ವಾಕ್ಯ. "ಹೇಳಬಾರದೇ?" ಎಂಬುದು ರೂಪದಲ್ಲಿ ಪ್ರಶ್ನೆ, ಅರ್ಥದಲ್ಲಿ ದೂರು. ಕಾವ್ಯಮೀಮಾಂಸೆ ಓದಿದವರು ಇದನ್ನು ಕಾಕು ಎಂದು ಗುರುತಿಸಬಲ್ಲರು: ಧ್ವನಿಯ ಏರಿಳಿತದಿಂದ ಪ್ರಶ್ನೆಯೇ ಉತ್ತರವಾಗಿ ಪರಿಣಮಿಸುವ ಬಗೆ. ಈ ದೂರು ಸೊಸೆಯ ಮೇಲಲ್ಲ, ಅವಳ ತಂದೆತಾಯಿಯ ಮೇಲೆ. ಐದು ವಾಕ್ಯಗಳಲ್ಲಿ ಬಹಿರಂಗವಾಗಿ ಉತ್ತರ ಬೇಡುವ ಮಾತು ಇದೊಂದೇ. ತನ್ನ ಮೇಲಿನ ಟೀಕೆಯನ್ನು ಆಕೆ ನುಂಗಿಕೊಳ್ಳಬಹುದು. ಆದರೆ ಹೆತ್ತವರು ಹೊಣೆಗೇಡಿಗಳು ಎಂಬ ಸೂಚನೆಯನ್ನು ಊರಿನವರು ಓದುವಲ್ಲಿ ಹಾಗೆಯೇ ಬಿಟ್ಟರೆ ಅವರು ನಾಳೆ ಮದುವೆ ಮುಂಜಿಗಳಲ್ಲಿ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಮಾವನಿಗೆ ಕೇಳುವ ಹಕ್ಕಿದೆಯೇ?

"ಕೇಳಲು ಇವರು ಯಾರು?" ಎಂಬುದು ಮನಸ್ಸಿನಲ್ಲಿ ಮೊದಲು ಏಳುವ ಮಾತು. ನಮ್ಮ ಪ್ರದೇಶದಲ್ಲಿ ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ತುಳು ಮನೆಮಾತಿನ ಅನೇಕ ಸಮುದಾಯಗಳಲ್ಲಿ ನಡೆದುಬಂದ ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬವನ್ನು ಗುರುತಿಸುವುದು ತಾಯಿಯ ಕಡೆಯಿಂದ. ಆ ಮನೆಯ ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನದು. ಸೋದರಿಯ ಮಕ್ಕಳ ಓದು, ಮದುವೆ, ಪಾಲು ಎಲ್ಲವೂ ಅವನ ಮಾತಿನ ವ್ಯಾಪ್ತಿಗೆ ಬರುತ್ತಿದ್ದವು. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಗೊಳಿಸಿದ 1975ರ ಕಾಯಿದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂದಾಗ ಆಸ್ತಿಯ ಮೇಲಿನ ಈ ವ್ಯವಸ್ಥೆ ಕಾನೂನಿನಲ್ಲಿ ಮುಗಿಯಿತು. ಆದರೆ ಕಾಯಿದೆ ಆಸ್ತಿಯನ್ನು ಪಾಲು ಮಾಡಬಲ್ಲುದೇ ಹೊರತು ಮಾತಿನ ಅಧಿಕಾರವನ್ನಲ್ಲ. ಈಗಲೂ ಅನೇಕ ಮನೆಗಳಲ್ಲಿ ಮಾವನ ಪ್ರಶ್ನೆಗೆ ತಂದೆಯ ಪ್ರಶ್ನೆಗಿಂತ ಹೆಚ್ಚಿನ ತೂಕವಿದೆ.

ಇದನ್ನು ತಿಳಿದುಕೊಂಡರೆ ಉತ್ತರದ ದಾರಿ ಬದಲಾಗುತ್ತದೆ. ಮಾವನು ತನಗಿಲ್ಲದ ಹಕ್ಕನ್ನು ಕಸಿದುಕೊಂಡಿದ್ದಾನೆ ಎಂದು ಸೊಸೆ ವಾದಿಸಿದರೆ, ಓದುವ ಹಿರಿಯರ ಕಣ್ಣಿಗೆ ಅವಳೇ ತಪ್ಪಿತಸ್ಥೆಯಾಗುತ್ತಾಳೆ. ಅವರ ತಿಳಿವಳಿಕೆಯಲ್ಲಿ ಆ ಹಕ್ಕು ಇದ್ದೇ ಇದೆ. ಕೇಳುವ ಹಕ್ಕನ್ನು ಪ್ರಶ್ನಿಸದೆ, ಕೇಳಿದ ಸ್ಥಳವನ್ನು ಮಾತ್ರ ಬದಲಿಸುವುದು ಹೆಚ್ಚು ಫಲಕಾರಿ.

ಸ್ಥಳದ ವಿಚಾರದಲ್ಲಿ ಹಳೆಯ ಕಾಗದಪತ್ರಗಳ ಪದ್ಧತಿ ನಮಗೆ ದಾರಿ ತೋರಿಸುತ್ತದೆ. ಅಂಚೆಯ ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಆದುದರಿಂದ ತಲುಪಿದ ಸುದ್ದಿ, ಬರುವ ದಿನ, ಕ್ಷೇಮಸಮಾಚಾರ ಇವಿಷ್ಟು ಕಾರ್ಡಿಗೆ ಸಾಕಾಗಿತ್ತು. ಮನೆಯ ಒಳಮಾತು ಇನ್‌ಲ್ಯಾಂಡಿಗೋ ಲಕೋಟೆಗೋ ಮೀಸಲಾಗಿತ್ತು. ಚಿತ್ರದ ಕೆಳಗಿನ ಜಾಗ ಕಾರ್ಡಿನಂತಹುದು. ಮಾವ ಇನ್‌ಲ್ಯಾಂಡಿನ ಮಾತನ್ನು ಕಾರ್ಡಿನಲ್ಲಿ ಬರೆದಿದ್ದಾರೆ. ಅದಕ್ಕೆ ಕಾರ್ಡಿನ ಅಳತೆಯ ಉತ್ತರ ಕೊಟ್ಟು, ಉಳಿದ ಮಾತನ್ನು ಲಕೋಟೆಗೆ ಸಾಗಿಸಬೇಕು.

ಕೆಡುವ ಮೂರು ಕರಡುಗಳು

ಮೊದಲನೆಯ ಕರಡು ಕೋಪದ್ದು: "ನಿಮಗೇನು ಗೊತ್ತು? ಮೊದಲು ನಿಮ್ಮ ಮಗನನ್ನು ನೋಡಿಕೊಳ್ಳಿ." ಇಲ್ಲಿ "ನಿಮಗೆ", "ನೋಡಿಕೊಳ್ಳಿ" ಎಂಬ ಬಹುವಚನದ ರೂಪಗಳು ಉಳಿದಿವೆ. ಆದರೂ ಗೌರವ ಉಳಿದಿಲ್ಲ. ಕಾರಣವೆಂದರೆ ಹಿರಿಯರಿಗೆ ವಿಧ್ಯರ್ಥದ ವಾಕ್ಯ ಹೇಳುವುದಕ್ಕೆ ಕನ್ನಡದಲ್ಲಿ ಮಿತಿಯಿದೆ. "ಬನ್ನಿ", "ಕುಳಿತುಕೊಳ್ಳಿ", "ಊಟ ಮಾಡಿ" ಎಂಬ ಆಮಂತ್ರಣದ ವಿಧಿಗಳು ಸಲ್ಲುತ್ತವೆ; "ನೋಡಿಕೊಳ್ಳಿ", "ತಿಳಿದುಕೊಳ್ಳಿ" ಎಂಬ ಉಪದೇಶದ ವಿಧಿಗಳು ಪ್ರತ್ಯಯ ಎಷ್ಟೇ ಮರ್ಯಾದೆಯದಾದರೂ ಸಲ್ಲುವುದಿಲ್ಲ. ಮೇಲಾಗಿ, ಏನೂ ಹೇಳದ ಮಾವನ ಮಗನನ್ನು ಇಲ್ಲಿ ಎಳೆದು ತಂದದ್ದರಿಂದ ಹೊಸದೊಂದು ಮನೆ ಜಗಳಕ್ಕೆ ಸೇರಿತು.

ಎರಡನೆಯದು ವ್ಯಂಗ್ಯದ್ದು: "ತಾವು ನಮ್ಮ ಬಗ್ಗೆ ಇಷ್ಟೊಂದು ಚಿಂತಿಸುತ್ತಿರುವುದು ನಮ್ಮ ಭಾಗ್ಯ." ಇದು ವ್ಯಾಜಸ್ತುತಿ, ಹೊಗಳಿಕೆಯ ವೇಷದ ತೆಗಳಿಕೆ. ಕಾವ್ಯದಲ್ಲಿ ಅಲಂಕಾರವಾದದ್ದು ಇಲ್ಲಿ ದೋಷವಾಗುತ್ತದೆ. ಮನೆಯಲ್ಲಿ "ನೀವು" ಎನ್ನುವ ಮಾವನಿಗೆ ಇದ್ದಕ್ಕಿದ್ದಂತೆ "ತಾವು" ಎಂದರೆ ಗೌರವ ಏರುವುದಿಲ್ಲ, ನಂಟು ಇಳಿಯುತ್ತದೆ. ರೂಢಿಗಿಂತ ಒಂದು ಮೆಟ್ಟಿಲು ಮೇಲಿನ ಗೌರವರೂಪ ದೂರ ಮಾಡುವ ಸಾಧನ. ಓದುವವರು ಅದನ್ನು ತಕ್ಷಣ ಗುರುತಿಸುತ್ತಾರೆ.

ಮೂರನೆಯದು ದೀರ್ಘ ಸಮಜಾಯಿಷಿಯದು. ಕನ್ನಡದ ಮಹತ್ವ, ಮುಂದಿನ ಪರೀಕ್ಷೆಗಳು, ಹಿಂದೆ ಎರಡು ವರ್ಷ ಕೆಲಸ ಮಾಡಿ ಬಿಟ್ಟ ಕಾರಣ, ಎಲ್ಲವನ್ನೂ ಹದಿನೈದು ಸಾಲುಗಳಲ್ಲಿ ಬರೆಯಲಾಗುತ್ತದೆ. ಇದರಲ್ಲಿ ಅಸಭ್ಯವಾದದ್ದೇನೂ ಇಲ್ಲ. ಆದರೆ ಪ್ರತಿಯೊಂದು ಕಾರಣವೂ ಆಕ್ಷೇಪಕ್ಕೆ ಹೊಸ ಬಾಗಿಲು. "ಕ್ಷಮಿಸಿ" ಎಂದು ಆರಂಭಿಸಿದರಂತೂ ಓದನ್ನೇ ತಪ್ಪೆಂದು ಒಪ್ಪಿಕೊಂಡಂತಾಗುತ್ತದೆ.

ನಿಲ್ಲುವ ಉತ್ತರ

ಈಗ ನಾಲ್ಕು ವಾಕ್ಯಗಳ ಉತ್ತರವೊಂದನ್ನು ನೋಡೋಣ.

"ಮಾವ, ಫೋಟೋ ನಿಮಗೆ ಹಿಡಿಸಿದ್ದು ಸಂತೋಷ. ಹೌದು, ನಾನು ಕನ್ನಡ ಎಂ.ಎ. ಎರಡನೆಯ ವರ್ಷದಲ್ಲಿದ್ದೇನೆ, ಇದು ನಾನೇ ಆರಿಸಿಕೊಂಡ ದಾರಿ. ಅಪ್ಪ ಅಮ್ಮ ಕೇಳಬೇಕಾದದ್ದನ್ನೆಲ್ಲ ಕೇಳಿಯೇ ಒಪ್ಪಿದ್ದಾರೆ. ಉಳಿದದ್ದನ್ನು ಭಾನುವಾರ ಮನೆಗೆ ಬಂದು ಮಾತನಾಡುತ್ತೇನೆ."

"ಮಾವ" ಎಂಬ ಸಂಬೋಧನೆಯಿಂದಲೇ ಒಂದು ಕೆಲಸ ನಡೆಯಿತು. ಪ್ರಥಮ ಪುರುಷದಲ್ಲಿ ನಿಂತಿದ್ದವಳು ತಾನಾಗಿ ಉತ್ತಮ ಪುರುಷವಾದಳು, ಮಾವ ಮಧ್ಯಮ ಪುರುಷವಾದರು. ಮೂರನೆಯವರಿಗೆ ಹೇಳಿದ ಮಾತು ಇಬ್ಬರ ನಡುವಿನ ಮಾತಾಯಿತು. ಅದರ ಬೆನ್ನಿಗೆ ಬರುವ ಸಂತೋಷದ ಮಾತು ಹಳೆಯ ಪತ್ರಗಳ ಒಕ್ಕಣೆಯ ಸ್ಥಾನದಲ್ಲಿದೆ. ತಂದೆಗೆ ಬರೆಯುವಾಗ ತೀರ್ಥರೂಪ ಎಂದು ಆರಂಭಿಸಿ, ಉಭಯ ಕುಶಲೋಪರಿ ಎಂದು ಮುಗಿಸಿದ ಮೇಲೆಯೇ ಹಣದ ಅಥವಾ ಜಗಳದ ವಿಷಯ ಬರುತ್ತಿತ್ತು. ಒಕ್ಕಣೆ ಸುಳ್ಳು ಹೊಗಳಿಕೆಯಲ್ಲ. ಸಂಬಂಧ ಯಥಾಸ್ಥಿತಿಯಲ್ಲಿದೆ ಎಂಬ ಘೋಷಣೆ. ಮಾವನೂ ಚಿತ್ರ ಚೆನ್ನಾಗಿದೆ ಎಂದಿದ್ದಾರೆ. ಆ ಮಾತನ್ನು ಹಿಡಿದುಕೊಂಡರೆ ಸಾಕು.

ಎರಡನೆಯ ವಾಕ್ಯ "ಹೌದು" ಎಂದು ತೊಡಗುತ್ತದೆ. ಅದರ ಮುಂದೆ "ಆದರೆ" ಇಲ್ಲ ಎಂಬುದನ್ನು ಗಮನಿಸಬೇಕು. "ಹೌದು, ಆದರೆ" ಎಂದೊಡನೆ ಒಪ್ಪಿಗೆ ರದ್ದಾಗಿ ವಾದ ಆರಂಭವಾಗುತ್ತದೆ. ಸಂಗತಿಯನ್ನು ಒಪ್ಪಿ ಅದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಟ್ಟರೆ ವಾದಕ್ಕೆ ಹಿಡಿಯಲು ಏನೂ ಉಳಿಯುವುದಿಲ್ಲ.

"ನಾನೇ ಆರಿಸಿಕೊಂಡ ದಾರಿ" ಎಂಬಲ್ಲಿ ಅವಧಾರಣಾರ್ಥದ "ಏ" ಸರ್ವನಾಮದ ಮೇಲೆ ಕುಳಿತಿದೆ. ಆಯ್ಕೆಯ ಹೊಣೆ ತನ್ನದು, ಬೇರೆಯವರದಲ್ಲ ಎಂಬುದು ಅದರ ಅರ್ಥ. ಅದೇ "ಏ"ಯನ್ನು ಸ್ವಲ್ಪ ಸರಿಸಿ "ನಾನು ಆರಿಸಿಕೊಂಡದ್ದೇ ದಾರಿ" ಎಂದರೆ, ಮಿಕ್ಕವರ ದಾರಿ ದಾರಿಯಲ್ಲ ಎಂಬ ಅಹಂಕಾರದ ಮಾತಾಗುತ್ತದೆ. ಒಂದೇ ಸ್ವರ, ಒಂದೇ ಪದಗಳು, ಸ್ಥಾನ ಮಾತ್ರ ಬೇರೆ. "ಕೇಳಿಯೇ ಒಪ್ಪಿದ್ದಾರೆ" ಎಂಬಲ್ಲಿನ "ಏ" ಮಾವನ ದೂರಿಗೆ ಕೊಟ್ಟ ನೇರವಾದ ಉತ್ತರ: ಹೆತ್ತವರು ಸುಮ್ಮನಿರಲಿಲ್ಲ, ವಿಚಾರಿಸಿದ್ದರು. ಹೇಳಬೇಕಾದ ಮುಖ್ಯ ಮಾತು ಇದು; ಅದು ಮೂರನೆಯ ವಾಕ್ಯದಲ್ಲಿ ಯಾರನ್ನೂ ದೂರದೆ ಬಂದಿದೆ.

ಕೊನೆಯ ವಾಕ್ಯ ಕಾರ್ಡಿನಿಂದ ಲಕೋಟೆಗೆ ದಾಟುವ ಸೇತುವೆ. "ಯಾವಾಗಲಾದರೂ ಮಾತನಾಡೋಣ" ಎಂದರೆ ಅದು ತಪ್ಪಿಸಿಕೊಳ್ಳುವ ಮಾತೆಂದು ತಿಳಿಯಲಾಗುತ್ತದೆ. ವಾರವನ್ನು ಹೆಸರಿಸಿದರೆ ಹಾಗಾಗುವುದಿಲ್ಲ. "ಮನೆಗೆ ಬಂದು" ಎಂಬ ಮಾತೂ ಮುಖ್ಯ: ಕಿರಿಯಳು ಹಿರಿಯರ ಮನೆಗೆ ಹೋಗುತ್ತಾಳೆ, ಮಾವನ ಸ್ಥಾನ ಉಳಿಯಿತು. ಇಡೀ ಉತ್ತರದಲ್ಲಿ ಪ್ರಶ್ನೆ ಒಂದೂ ಇಲ್ಲ. ಪ್ರಶ್ನೆಯಿಂದ, ಅದರಲ್ಲಿಯೂ "ಅಲ್ಲವೇ?" ಎಂಬುದರಿಂದ, ಮುಗಿಸಿದರೆ ಮುಂದಿನ ಸರದಿಯನ್ನು ಅವರಿಗೆ ನಾವೇ ಕೊಟ್ಟಂತಾಗುತ್ತದೆ.

ಮನೆಮಾತು ಮತ್ತು ಬರಹದ ಕನ್ನಡ

ಕಾಸರಗೋಡಿನ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಮಾತನಾಡುವ ಭಾಷೆ ತುಳುವೋ ಹವ್ಯಕ ಕನ್ನಡವೋ ಮರಾಠಿಯೋ ಕೊಂಕಣಿಯೋ ಆಗಿರುತ್ತದೆ. ಬರೆಯುವುದು ಶಾಲೆಯಲ್ಲಿ ಕಲಿತ ಕನ್ನಡ. ತುಳುವಿನ ಆತ್ಮೀಯವಾದ "ಈ" ಮತ್ತು ಗೌರವದ "ಈರ್", ಹವ್ಯಕದ "ನೀನು" ಮತ್ತು "ನಿಂಗೊ", ಇವುಗಳ ನಡುವಿನ ಅಂತರ ಬರಹದ "ನೀನು" ಮತ್ತು "ನೀವು"ಗಳ ಅಂತರಕ್ಕೆ ಎಲ್ಲ ಮನೆಗಳಲ್ಲಿಯೂ ಸರಿಹೊಂದುವುದಿಲ್ಲ. ಆದುದರಿಂದ ಕೆಲವು ಬಾರಿ ಬರೆದವರು ಉದ್ದೇಶಿಸದ ಅವಮಾನ ಓದುವವರಿಗೆ ಕಾಣುತ್ತದೆ.

ಇದಕ್ಕೆ ಸ್ಪಷ್ಟವಾದ ಉದಾಹರಣೆ ಹವ್ಯಕದಲ್ಲಿದೆ. ಆ ಉಪಭಾಷೆಯಲ್ಲಿ ಸ್ತ್ರೀಯರನ್ನು ನಪುಂಸಕಲಿಂಗದಲ್ಲಿ "ಅದು" ಎಂದು ನಿರ್ದೇಶಿಸುವುದು ಸಹಜ. ಅದರಲ್ಲಿ ತಿರಸ್ಕಾರದ ಛಾಯೆಯಿಲ್ಲ. ಹವ್ಯಕ ಮನೆಯ ದೊಡ್ಡಪ್ಪನೊಬ್ಬರು ಅದೇ ಅಭ್ಯಾಸದಲ್ಲಿ "ಅದು ಇನ್ನೂ ಓದುತ್ತಾ ಇದೆ" ಎಂದು ಬರೆದರೆ, ಮೈಸೂರಿನ ಅಥವಾ ಧಾರವಾಡದ ಗೆಳತಿ ಅದನ್ನು ಓದಿ ಕೆರಳಬಹುದು. ಕೆರಳಿದ ಗೆಳತಿಯ ಬೆಂಬಲವನ್ನು ಸ್ವೀಕರಿಸುವ ಮೊದಲು, ಮಾತು ಯಾವ ಭಾಷೆಯಿಂದ ಬಂದಿದೆ ಎಂಬುದನ್ನು ನೋಡಬೇಕು. ಉತ್ತರವನ್ನೂ ಮನೆಮಾತಿನಲ್ಲಿಯೇ ಬರೆಯಬಹುದು. ಮೇಲಿನ ನಾಲ್ಕು ವಾಕ್ಯಗಳನ್ನು ತುಳುವಿನಲ್ಲಿ ಬರೆದರೆ ಅವು ಇನ್ನಷ್ಟು ಹತ್ತಿರದ ಮಾತಾಗುತ್ತವೆ. ಪಠ್ಯಪುಸ್ತಕದ ಕನ್ನಡದಲ್ಲಿ ಅವು ಸ್ವಲ್ಪ ಅರ್ಜಿಯಂತೆ ಕೇಳಿಸಬಹುದು.

ಉತ್ತರದ ನಂತರ

ಮಾವ ಸುಮ್ಮನಾಗದೆ "ನಿನ್ನ ಒಳ್ಳೆಯದಕ್ಕೇ ಹೇಳಿದ್ದು" ಎಂದು ಮತ್ತೆ ಬರೆಯುವುದು ಸಾಮಾನ್ಯ. ಇದನ್ನು ಹೊಸ ಆಕ್ರಮಣವೆಂದು ಓದಬಾರದು. ಇಲ್ಲಿ ಅವರು ಪ್ರಥಮ ಪುರುಷವನ್ನು ಬಿಟ್ಟು "ನಿನ್ನ" ಎಂದಿದ್ದಾರೆ, ಅಂದರೆ ಮಾತು ಇಬ್ಬರ ನಡುವಿನದಾಗಿದೆ. "ಗೊತ್ತು ಮಾವ. ಭಾನುವಾರ ಬರುತ್ತೇನೆ" ಎಂಬಷ್ಟು ಬರೆದು ನಿಲ್ಲಿಸಬೇಕು. ಬೇರೆ ಸಂಬಂಧಿಕರು ಪಕ್ಷ ವಹಿಸಿ ಬರೆದರೆ ಅವರಾರಿಗೂ ಉತ್ತರಿಸಬಾರದು, ತನ್ನ ಪಕ್ಷ ವಹಿಸಿದವರಿಗೂ. ಉತ್ತರ ಫಲಿಸಿತೋ ಇಲ್ಲವೋ ಎಂಬುದಕ್ಕೆ ಒಂದು ಗುರುತಿದೆ: ಮುಂದಿನ ಮಾತು ಮತ್ತೆ ಚಿತ್ರದ ಬಗ್ಗೆ, ಮನೆಯ ಬಗ್ಗೆ, ಅಜ್ಜಿಯ ಸೀರೆಯ ಬಗ್ಗೆ ಬಂದರೆ ಫಲಿಸಿತು.

ಮಾತನ್ನೇ ಅಳಿಸಿಬಿಡಬಹುದಲ್ಲ ಎನ್ನಬಹುದು. ಆ ಅಧಿಕಾರ ಚಿತ್ರ ಹಾಕಿದ ಅಣ್ಣನದು. ಫೇಸ್‌ಬುಕ್ಕಿನಲ್ಲಿ ಮಾತನ್ನು ಅಳಿಸದೆ ಮರೆಮಾಡಿದರೆ ಅದು ಬರೆದವರಿಗೂ ಅವರ ಗೆಳೆಯರ ಬಳಗಕ್ಕೂ ಕಾಣುತ್ತಲೇ ಇರುತ್ತದೆ; ಹೀಗಾಗಿ ಮಾವನ ಕಡೆಯ ನೆಂಟರೆಲ್ಲ ಓದುತ್ತಲೇ ಇರುತ್ತಾರೆ. ಪೂರ್ತಿ ಅಳಿಸಿದರೆ ಮಾವನಿಗೆ ಗೊತ್ತಾಗಿ, ಓದಿನ ಪ್ರಶ್ನೆ ಮರ್ಯಾದೆಯ ಪ್ರಶ್ನೆಯಾಗಿ ಬೆಳೆಯುತ್ತದೆ. ಅಳಿಸುವುದಾದರೆ ಭಾನುವಾರದ ಮಾತು ಮುಗಿದ ಮೇಲೆ, ಮಾವನೇ ಅಳಿಸುವಂತೆ ಕೇಳಿಕೊಳ್ಳುವುದು ಮೇಲು.

ಆ ಭಾನುವಾರ ಸೊಸೆಯ ಕೈಯಲ್ಲಿ ಸಂಗತಿಗಳಿರಬೇಕು. ಮಾವನ ಭಯದಲ್ಲಿ ಒಂದಂಶ ನಿಜ: 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಕನ್ನಡ ಓದಿದವರ ಉದ್ಯೋಗದ ವ್ಯಾಪ್ತಿ ಕಿರಿದು. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳಬೇಕು. ಪ್ರೌಢಶಾಲೆಯ ಕನ್ನಡ ಅಧ್ಯಾಪಕ ಹುದ್ದೆಗೆ ಬಿ.ಎಡ್. ಮತ್ತು ಕೆ-ಟೆಟ್, ಹೈಯರ್ ಸೆಕೆಂಡರಿಗೆ ಎಂ.ಎ., ಬಿ.ಎಡ್. ಜೊತೆಗೆ ಸೆಟ್, ಕಾಲೇಜಿಗೆ ನೆಟ್. ಜಿಲ್ಲೆಯಲ್ಲಿ ಕನ್ನಡವೂ ಮಲಯಾಳವೂ ಬಲ್ಲವರಿಗಾಗಿ ಲೋಕಸೇವಾ ಆಯೋಗ ಕರೆಯುವ ಗುಮಾಸ್ತ ಹುದ್ದೆಗಳು. ತಾನು ಇವುಗಳಲ್ಲಿ ಯಾವುದನ್ನು, ಯಾವ ವರ್ಷದೊಳಗೆ ಪ್ರಯತ್ನಿಸುತ್ತೇನೆ ಎಂದು ಸೊಸೆ ಹೇಳಬಲ್ಲಳಾದರೆ, "ಇನ್ನೂ" ಎಂಬ ಮಾವನ ಪದಕ್ಕೆ ಕಾಲದ ಅಳತೆ ದೊರೆಯುತ್ತದೆ. ಹೇಳಲಾಗದಿದ್ದರೆ, ಮಾವ ಕೇಳಿದ್ದು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಕ್ರಮಕ್ಕೆ ಒಂದು ಎಲ್ಲೆಯಿದೆ. ಆಕ್ಷೇಪವು ಓದು, ಉದ್ಯೋಗ, ಮದುವೆಯ ವಯಸ್ಸುಗಳನ್ನು ದಾಟಿ ಜಾತಿನಿಂದೆಗೋ ಬೆದರಿಕೆಗೋ ತಿರುಗಿದರೆ, ಅಥವಾ ಪ್ರೀತಿಸಿದ ವ್ಯಕ್ತಿಯ ಹೆಸರನ್ನೂ ಮತವನ್ನೂ ಬಹಿರಂಗಕ್ಕೆ ತಂದರೆ, ನಾಲ್ಕು ವಾಕ್ಯಗಳ ಉತ್ತರ ಅಲ್ಲಿಗೆ ಸಲ್ಲದು. ಅಲ್ಲಿ ಒಂದು ಮಾತನ್ನೂ ಬರೆಯದೆ, ಬಂದದ್ದರ ತೆರೆಚಿತ್ರವನ್ನು ದಿನಾಂಕದೊಡನೆ ತೆಗೆದಿಟ್ಟುಕೊಂಡು, ಅಣ್ಣನಿಂದ ತಕ್ಷಣ ಅಳಿಸಿಸಿ, ನಂಬುವ ಹಿರಿಯರಿಗೂ ಅಗತ್ಯವಿದ್ದರೆ ಪೊಲೀಸರಿಗೂ ತಿಳಿಸಬೇಕು. ಸಂಬಂಧವನ್ನು ಉಳಿಸಿಕೊಳ್ಳುವ ಇಚ್ಛೆ ಎರಡೂ ಕಡೆ ಇರುವಾಗ ಮಾತ್ರ ಒಕ್ಕಣೆಗೆ ಅರ್ಥ.